ನಿದ್ದೆ ಮೀಡಿಯೇಟರಾ, ಮಾಡರೇಟರಾ? ಎರಡೂ ಓಡಿಸಿ ನೋಡಿ ತಲೆ ಕೆಟ್ಟಿದೆ

ಅರ್ಧ_ಥೀಸಿಸ್
ನಮಸ್ಕಾರ. ನನ್ನ ಎಂಎ ಪ್ರಬಂಧದ ವಿಷಯ ಒತ್ತಡ, ನಿದ್ದೆ ಮತ್ತು ಪರೀಕ್ಷೆಯ ಅಂಕ. 140 ವಿದ್ಯಾರ್ಥಿಗಳಿಂದ ಫಾರ್ಮ್ ತುಂಬಿಸಿದ್ದೇನೆ. ಒತ್ತಡಕ್ಕೆ ಪಿಎಸ್‌ಎಸ್-10 ಪ್ರಶ್ನಾವಳಿ, ಅಂದರೆ 0ರಿಂದ 40ರವರೆಗಿನ ಸ್ಕೋರ್. ನಿದ್ದೆ ಗಂಟೆಗಳಲ್ಲಿ. ಅಂಕ 100ಕ್ಕೆ.

ನನ್ನ ಗೈಡ್ "ನಿದ್ದೆಯನ್ನು ಮೀಡಿಯೇಟರ್ ಮಾಡಿ" ಅಂದರು. ಸಹಪಾಠಿ "ಅದು ಮಾಡರೇಟರ್ ಕಣೇ" ಅಂತಾಳೆ. ಎರಡೂ ಓಡಿಸಿದೆ. ಮೀಡಿಯೇಷನ್ ಸಿಗ್ನಿಫಿಕಂಟ್ ಬಂತು. ಮಾಡರೇಷನ್‌ನಲ್ಲಿ p ಬೆಲೆ 0.09, ಅಂದರೆ 0.05ರ ಗೆರೆ ದಾಟಲಿಲ್ಲ. ಹಾಗಾದರೆ ಮೀಡಿಯೇಟರ್ ಗೆದ್ದಿತು ಅಂತ ಬರೆದುಬಿಡಲಾ? ಒಳಗೊಳಗೇ ಏನೋ ಸರಿ ಇಲ್ಲ ಅನ್ನಿಸುತ್ತಿದೆ.

ನಾಲ್ಕು_ಹೆಜ್ಜೆ
ಇದು ತುಂಬಾ ಸುಲಭ. ಬ್ಯಾರನ್ ಮತ್ತು ಕೆನ್ನಿ 1986ರಲ್ಲೇ ಹೆಜ್ಜೆಗಳನ್ನು ಹೇಳಿಕೊಟ್ಟಿದ್ದಾರೆ. ಮೊದಲು ಒತ್ತಡದಿಂದ ಅಂಕಕ್ಕೆ ಸಿಗ್ನಿಫಿಕಂಟ್ ಇರಬೇಕು. ಇಲ್ಲದಿದ್ದರೆ ಅಲ್ಲೇ ನಿಲ್ಲಿಸಿ. ಆಮೇಲೆ ಒತ್ತಡದಿಂದ ನಿದ್ದೆಗೆ. ಆಮೇಲೆ ನಿದ್ದೆಯಿಂದ ಅಂಕಕ್ಕೆ. ಕೊನೆಗೆ ನಿದ್ದೆಯನ್ನು ಸೇರಿಸಿದಾಗ ಒತ್ತಡದ ಪರಿಣಾಮ ಸಿಗ್ನಿಫಿಕಂಟ್ ಆಗಿ ಉಳಿಯದಿದ್ದರೆ ಪೂರ್ಣ ಮೀಡಿಯೇಷನ್, ಕಡಿಮೆಯಾಗಿ ಉಳಿದರೆ ಭಾಗಶಃ. ಮಾಡರೇಷನ್ ಸಿಗ್ನಿಫಿಕಂಟ್ ಬಂದಿಲ್ಲ ಅಂದಮೇಲೆ ಅದನ್ನು ಬಿಡಿ.

ರಾತ್ರಿ_ಗೂಬೆ
ನಾನೂ ಪರೀಕ್ಷೆ ಹಿಂದಿನ ರಾತ್ರಿ ಮೂರು ಗಂಟೆ ಮಲಗಿದರೆ ಹೆಚ್ಚು. ಒತ್ತಡ ಜಾಸ್ತಿ ಆದರೆ ಅದೂ ಇಲ್ಲ. ಇದಕ್ಕೆ ಮೀಡಿಯೇಷನ್ ಒಳ್ಳೆಯದು ಅಂತೀರಾ? ದಿನಾ ಎಷ್ಟು ನಿಮಿಷ ಕೂರಬೇಕು?

ಕೋಡ್_ಮಾತ್ರ
ಗೂಬೆಯವರೇ, ಅದು ಮೆಡಿಟೇಷನ್ 😄 ಇಲ್ಲಿ ಮಾತಾಡುತ್ತಿರುವುದು ಮೀಡಿಯೇಷನ್.

ರಾತ್ರಿ_ಗೂಬೆ
ಅಯ್ಯೋ. ಇಷ್ಟು ಹೊತ್ತಿಗೆ ಓದಿದರೆ ಹೀಗೇ ಆಗುವುದು. ಸುಮ್ನೆ ಕೂತು ಓದುತ್ತೇನೆ, ಮುಂದುವರಿಸಿ.

ಹಳೇ_ಲೆಕ್ಕಿಗ
ಥೀಸಿಸ್ ಮೇಡಂ, ನಿಮಗೆ ಒಳಗೊಳಗೇ ಅನ್ನಿಸಿದ್ದು ಸರಿಯಾಗಿದೆ. ಇವೆರಡೂ ಒಂದೇ ಪ್ರಶ್ನೆಗೆ ಎರಡು ಉತ್ತರಗಳಲ್ಲ, ಎರಡು ಬೇರೆ ಪ್ರಶ್ನೆಗಳು. ಅವುಗಳ ನಡುವೆ ಓಟದ ಪಂದ್ಯ ಇಡುವ ಹಾಗಿಲ್ಲ.

ಮೀಡಿಯೇಷನ್ ಕೇಳುವುದು: ಒತ್ತಡ ಅಂಕವನ್ನು ಇಳಿಸುವುದು *ಯಾವ ದಾರಿಯಲ್ಲಿ*? ಒತ್ತಡ ನಿದ್ದೆ ಕೆಡಿಸಿತು, ಕೆಟ್ಟ ನಿದ್ದೆ ಅಂಕ ಕೆಡಿಸಿತು. ನಿದ್ದೆ ಇಲ್ಲಿ ಸರಪಳಿಯ ನಡುವಿನ ಕೊಂಡಿ.
ಮಾಡರೇಷನ್ ಕೇಳುವುದು: ಅಷ್ಟೇ ಒತ್ತಡ *ಯಾರಿಗೆ* ಜಾಸ್ತಿ ಪೆಟ್ಟು ಕೊಡುತ್ತದೆ? ಚೆನ್ನಾಗಿ ಮಲಗುವವನಿಗಾ, ಅರೆನಿದ್ದೆಯವನಿಗಾ? ಒತ್ತಡ ನಿದ್ದೆಯನ್ನು ಕೆಡಿಸಬೇಕೆಂದೇ ಇಲ್ಲ. ಇದ್ದ ನಿದ್ದೆ ಪೆಟ್ಟನ್ನು ತಡೆಯುತ್ತದೋ ಇಲ್ಲವೋ ಅಷ್ಟೇ.

ಲೆಕ್ಕ ಹಾಕಿ ತೋರಿಸುತ್ತೇನೆ. ಸಂಖ್ಯೆಗಳು ನಾನೇ ಹಾಕಿಕೊಂಡವು, ಯಾರ ಅಧ್ಯಯನದವೂ ಅಲ್ಲ. ಮೊದಲು ಮೀಡಿಯೇಷನ್.

ಒತ್ತಡದ ಸ್ಕೋರ್ 1 ಏರಿದರೆ ನಿದ್ದೆ 0.08 ಗಂಟೆ ಇಳಿಯುತ್ತದೆ ಎಂದುಕೊಳ್ಳಿ. ಒತ್ತಡ ಅಷ್ಟೇ ಇದ್ದು ನಿದ್ದೆ ಒಂದು ಗಂಟೆ ಜಾಸ್ತಿಯಾದರೆ 4 ಅಂಕ ಜಾಸ್ತಿ. ನಿದ್ದೆ ಅಷ್ಟೇ ಇದ್ದು ಒತ್ತಡ 1 ಏರಿದರೆ ನೇರವಾಗಿ 0.30 ಅಂಕ ಹೋಗುತ್ತದೆ.

ಈಗ ಇಬ್ಬರನ್ನು ತೆಗೆದುಕೊಳ್ಳಿ. ಒಬ್ಬಳ ಸ್ಕೋರ್ 15, ಇನ್ನೊಬ್ಬಳದು 25. ವ್ಯತ್ಯಾಸ 10. ಎರಡನೆಯವಳ ನಿದ್ದೆ 0.8 ಗಂಟೆ, ಅಂದರೆ 48 ನಿಮಿಷ ಕಡಿಮೆ. ಗಂಟೆಗೆ 4 ಅಂಕದಂತೆ ಆ 48 ನಿಮಿಷಕ್ಕೆ 3.2 ಅಂಕ ಹೋಯಿತು. ಇದು ನಿದ್ದೆಯ ದಾರಿಯಲ್ಲಿ ಹೋದದ್ದು. ಇನ್ನು 3 ಅಂಕ ಬೇರೆ ದಾರಿಗಳಲ್ಲಿ ಹೋಯಿತು: ಕೈ ನಡುಕ, ಮರೆವು, ಏನೋ ಒಂದು. ಒಟ್ಟು 6.2.

ನಿದ್ದೆಯ ದಾರಿಯ ಎರಡು ತುಂಡುಗಳನ್ನು ಗುಣಿಸುವುದು ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಮೇಲೆ ಮಾಡಿದ್ದು ಅದೇ: ಸ್ಕೋರ್ ಅನ್ನು ಗಂಟೆಗೆ ಬದಲಾಯಿಸಿದೆ, ಗಂಟೆಯನ್ನು ಅಂಕಕ್ಕೆ ಬದಲಾಯಿಸಿದೆ. −0.08 × 4 = −0.32. ಸ್ಕೋರ್ ಒಂದಕ್ಕೆ ನಿದ್ದೆಯ ಮೂಲಕ ಹೋಗುವ ಅಂಕ ಅದು.

ಅರ್ಧ_ಥೀಸಿಸ್
48 ನಿಮಿಷ ಅಂದ ತಕ್ಷಣ ಅರ್ಥವಾಯಿತು ಸರ್. ಇಷ್ಟು ದಿನ a, b, c ಅಂತ ಬಾಣ ಬರೆದುಕೊಂಡು ಕೂತಿದ್ದೆ. ಮಾಡರೇಷನ್‌ಗೂ ಹೀಗೇ ಒಂದು ಹೇಳಿ, ದಯವಿಟ್ಟು.

ಹಳೇ_ಲೆಕ್ಕಿಗ
ಹೇಳುತ್ತೇನೆ. ಇದು ಬೇರೆಯೇ ಊಹೆಯ ಲೋಕ, ಮೇಲಿನ ಸಂಖ್ಯೆಗಳ ಜೊತೆ ಬೆರೆಸಬೇಡಿ. ಅಲ್ಲಿ ಸ್ಕೋರ್ 10 ಮತ್ತು 30 ಇರುವವರು, 5 ಗಂಟೆ ಮತ್ತು 7 ಗಂಟೆ ಮಲಗುವವರು ಇದ್ದಾರೆ. ಮಾದರಿ ಹೇಳುವ ಅಂಕ ಹೀಗಿದೆ:

```
              ಒತ್ತಡ 10    ಒತ್ತಡ 30
ನಿದ್ದೆ 5 ಗಂಟೆ     72          54
ನಿದ್ದೆ 7 ಗಂಟೆ     70          64
```

ಅಡ್ಡಸಾಲಿನಲ್ಲಿ ಓದಿ. 5 ಗಂಟೆ ಮಲಗುವವರಲ್ಲಿ ಒತ್ತಡ 20 ಏರಿದ್ದಕ್ಕೆ 18 ಅಂಕ ಹೋಯಿತು, ಸ್ಕೋರ್ ಒಂದಕ್ಕೆ 0.9. 7 ಗಂಟೆಯವರಲ್ಲಿ ಹೋದದ್ದು 6 ಅಂಕ, ಸ್ಕೋರ್ ಒಂದಕ್ಕೆ 0.3. ಎರಡು ಗಂಟೆ ನಿದ್ದೆಗೆ ಪೆಟ್ಟು 0.6 ಕಡಿಮೆಯಾಗಿದೆ, ಗಂಟೆಗೆ 0.3. ಇಂಟರಾಕ್ಷನ್ ಗುಣಾಂಕ ಅಂತ ಸಾಫ್ಟ್‌ವೇರ್ ಕೊಡುವುದು ಈ 0.3 ಮಾತ್ರ. ಅದು ಅಂಕದ ಅಳತೆಯಲ್ಲ, *ಇಳಿಜಾರು ಎಷ್ಟು ಬದಲಾಯಿತು* ಅನ್ನುವುದರ ಅಳತೆ.

ಇದನ್ನೇ ಎಳೆದರೆ 8 ಗಂಟೆಗೆ ಪೆಟ್ಟು ಸೊನ್ನೆ, 9 ಗಂಟೆಗೆ ಒತ್ತಡ ಅಂಕವನ್ನು *ಏರಿಸುತ್ತದೆ*! ನಿಮ್ಮ ಫಾರ್ಮ್‌ನಲ್ಲಿ 9 ಗಂಟೆ ಮಲಗುವವರು ಇಬ್ಬರೇ ಇದ್ದರೆ ಅದು ಗೆರೆಯ ಹುಡುಗಾಟ ಅಷ್ಟೇ, ಸಂಶೋಧನೆಯ ಫಲವಲ್ಲ. ಜನ ಇರುವ ಗಂಟೆಗಳಿಗೆ ಮಾತ್ರ ಇಳಿಜಾರು ಬರೆಯಿರಿ.

ಕ್ಲಾಸ್_ಮೇಡಂ
ನಾನು ಪಾಠ ಮಾಡುವವಳು. ಹೋದ ವರ್ಷ ನನ್ನ ತರಗತಿಯಲ್ಲೇ ಇದನ್ನು ನೋಡಿದೆ. ಇಷ್ಟೆಲ್ಲ ಕಷ್ಟ ಪಡಲಿಲ್ಲ. ನಡುವಿನ ಸಂಖ್ಯೆ ಹಿಡಿದು ಜಾಸ್ತಿ ಮಲಗುವವರು, ಕಡಿಮೆ ಮಲಗುವವರು ಅಂತ ಎರಡು ಗುಂಪು ಮಾಡಿದೆ. ಕಡಿಮೆ ನಿದ್ದೆಯವರಲ್ಲಿ ಒತ್ತಡ ಸಿಗ್ನಿಫಿಕಂಟ್ ಬಂತು, ಜಾಸ್ತಿಯವರಲ್ಲಿ ಬರಲಿಲ್ಲ. ಮಾಡರೇಷನ್ ಸಿದ್ಧವಾಯಿತು, ಅಲ್ವಾ?

ಹಳೇ_ಲೆಕ್ಕಿಗ
ಅಲ್ಲ ಮೇಡಂ, ಬೇಜಾರು ಮಾಡಿಕೊಳ್ಳಬೇಡಿ. ಒಂದು ಗುಂಪಿನಲ್ಲಿ −0.50 ಬಂದು p 0.04 ಆಗಿರಬಹುದು. ಇನ್ನೊಂದರಲ್ಲಿ −0.42 ಬಂದು p 0.08 ಆಗಿರಬಹುದು. ಒಂದು ಗೆರೆ ದಾಟಿತು, ಒಂದು ದಾಟಲಿಲ್ಲ. ಆದರೆ ಇಳಿಜಾರು ಹೆಚ್ಚುಕಡಿಮೆ ಒಂದೇ. ಎರಡು ಇಳಿಜಾರುಗಳ *ವ್ಯತ್ಯಾಸ*ವನ್ನೇ ಪರೀಕ್ಷಿಸಬೇಕು. ಅದಕ್ಕೇ ಇಂಟರಾಕ್ಷನ್ ಇರುವುದು.

ಜೊತೆಗೆ, ನಡುವಿನ ಸಂಖ್ಯೆ 6.5 ಆಗಿದ್ದರೆ 6.4 ಗಂಟೆಯವನೂ 4 ಗಂಟೆಯವನೂ ಒಂದೇ ಗುಂಪು. 6.4 ಮತ್ತು 6.6 ಬೇರೆ ಬೇರೆ ಗುಂಪು. ಕೈಯಲ್ಲಿದ್ದ ಮಾಹಿತಿಯನ್ನು ನಾವೇ ಎಸೆದಂತಾಯಿತು.

ಕ್ಲಾಸ್_ಮೇಡಂ
ನನ್ನ ಗುಂಪುಗಳಲ್ಲಿ ಇಳಿಜಾರು ಎಷ್ಟಿತ್ತು ಅಂತ ನೋಡಿರಲೇ ಇಲ್ಲ, p ಬೆಲೆ ಮಾತ್ರ ಬರೆದುಕೊಂಡಿದ್ದೆ. ಹಳೇ ಫೈಲ್ ಹುಡುಕಬೇಕು. ಆದರೂ ಮಕ್ಕಳಿಗೆ ವಿವರಿಸಲು ಎರಡು ಗುಂಪಿನಷ್ಟು ಸುಲಭ ಇನ್ನೊಂದಿಲ್ಲ ಅನ್ನುವುದು ನನ್ನ ವಾದ.

ಅರ್ಧ_ಥೀಸಿಸ್
ಸರ್, ಇನ್ನೊಂದು ಹೆದರಿಕೆ ಇದೆ. ನನ್ನ ಮಾಡರೇಷನ್ ಔಟ್‌ಪುಟ್‌ನಲ್ಲಿ ನಿದ್ದೆಯ ಗುಣಾಂಕ −3.1 ಬಂದಿದೆ. ಜಾಸ್ತಿ ಮಲಗಿದರೆ ಅಂಕ ಕಡಿಮೆಯಾಗುತ್ತದಾ? ಮೀಡಿಯೇಷನ್‌ನಲ್ಲಿ ಅದೇ ನಿದ್ದೆಗೆ ಪ್ಲಸ್ ಬಂದಿತ್ತು. ಡೇಟಾ ಹಾಳಾಗಿದೆಯೇನೋ ಅಂತ ನಿನ್ನೆ ರಾತ್ರಿಯೆಲ್ಲ ನಿದ್ದೆಯಿಲ್ಲ.

ಕೋಡ್_ಮಾತ್ರ
(ನಿಮ್ಮನ್ನೂ ಡೇಟಾಗೆ ಸೇರಿಸಿಕೊಳ್ಳಿ.)

ಏನೂ ಹಾಳಾಗಿಲ್ಲ. ಲೆಕ್ಕಿಗರ ಪಟ್ಟಿಯ ನಾಲ್ಕೂ ಸಂಖ್ಯೆ ಈ ಎರಡು ಸಮೀಕರಣಗಳಲ್ಲಿ ಯಾವುದಕ್ಕೆ ಹಾಕಿದರೂ ಬರುತ್ತವೆ. S ಒತ್ತಡ, H ನಿದ್ದೆ, M ಅಂಕ:

```
M = 101 - 2.4*S - 4*H + 0.3*S*H
M = 65 - 0.6*(S-20) + 2*(H-6) + 0.3*(S-20)*(H-6)
```

ಎರಡೂ ಒಂದೇ. ಬಿಡಿಸಿ ನೋಡಿ, ಮೇಲಿನದೇ ಬರುತ್ತದೆ. ಆದರೆ ಮೊದಲನೆಯದರಲ್ಲಿ ನಿದ್ದೆಗೆ −4, ಎರಡನೆಯದರಲ್ಲಿ +2. ಯಾಕೆಂದರೆ ಗುಣಿಸಿದ ಪದ ಸೇರಿದಮೇಲೆ ನಿದ್ದೆಯ ಗುಣಾಂಕ "ಒತ್ತಡ ಸೊನ್ನೆ ಇದ್ದಾಗ ನಿದ್ದೆಯ ಪರಿಣಾಮ" ಎಂದಾಗುತ್ತದೆ. ಪಿಎಸ್‌ಎಸ್‌ನಲ್ಲಿ ಸೊನ್ನೆ ತೆಗೆದ ವಿದ್ಯಾರ್ಥಿ ನಿಮ್ಮಲ್ಲಿ ಇದ್ದಾನಾ? ಎರಡನೆಯದರಲ್ಲಿ ಸರಾಸರಿ ಕಳೆದಿದ್ದೇವೆ, ಹಾಗಾಗಿ ಅದು "ಒತ್ತಡ 20 ಇರುವವರಲ್ಲಿ" ಎಂಬ ಅರ್ಥ ಕೊಡುತ್ತದೆ. 0.3 ಮಾತ್ರ ಎರಡರಲ್ಲೂ ಅಲುಗಾಡಿಲ್ಲ, ಅದರ p ಬೆಲೆಯೂ ಅಲುಗಾಡುವುದಿಲ್ಲ. ಸರಾಸರಿ ಕಳೆದರೆ ಇಂಟರಾಕ್ಷನ್ ಸಿಗ್ನಿಫಿಕಂಟ್ ಆಗಿಬಿಡುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಮೀಡಿಯೇಷನ್‌ಗೆ ಆಟದ ಡೇಟಾ ಮಾಡಿ ಕೈಯಾರೆ ಓಡಿಸಿ. ಇದು R:

```r
set.seed(7); n <- 300
S <- rnorm(n, 20, 6)
H <- 6 - 0.08*(S-20) + rnorm(n, 0, 0.88)
M <- 65 - 0.30*(S-20) + 4*(H-6) + rnorm(n, 0, 8)
ab <- replicate(5000, {
  i <- sample(n, replace = TRUE)
  coef(lm(H[i] ~ S[i]))[2] * coef(lm(M[i] ~ S[i] + H[i]))[3]
})
quantile(ab, c(.025, .975))
```

300 ಜನರಲ್ಲಿ ಒಬ್ಬನೇ ಎರಡು ಮೂರು ಸಲ ಬರುವ ಹಾಗೆ ಚೀಟಿ ಎತ್ತುವುದು, ಪ್ರತಿ ಸಲವೂ ಎರಡು ರಿಗ್ರೆಷನ್ ಹಾಕಿ ಗುಣಿಸುವುದು, 5000 ಸಲ. ಕೊನೆಗೆ ಸಿಗುವ ಎರಡು ತುದಿಗಳ ನಡುವೆ ಸೊನ್ನೆ ಇಲ್ಲದಿದ್ದರೆ ನಿದ್ದೆಯ ದಾರಿ ಇದೆ ಎನ್ನಬಹುದು. ಎರಡು ಅಂದಾಜುಗಳ ಗುಣಲಬ್ಧ ಗಂಟೆಯಾಕಾರದಲ್ಲಿ ನೀಟಾಗಿ ಹರಡುವುದಿಲ್ಲ, ಒಂದು ಕಡೆಗೆ ವಾಲಿರುತ್ತದೆ. ಅದಕ್ಕೇ ಗಂಟೆಯಾಕಾರವನ್ನೇ ನಂಬುವ ಹಳೇ ಸೋಬೆಲ್ ಪರೀಕ್ಷೆಗಿಂತ ಈ ಬೂಟ್‌ಸ್ಟ್ರಾಪ್ ವಾಸಿ.

ಅರ್ಧ_ಥೀಸಿಸ್
ಸರಾಸರಿ ಕಳೆದು ಓಡಿಸಿದೆ. ನಿದ್ದೆಗೆ ಪ್ಲಸ್ ಬಂತು, p ಬೆಲೆ ಅದೇ 0.09. ಅಬ್ಬಾ!

ನಾಲ್ಕು_ಹೆಜ್ಜೆ
ಎಲ್ಲ ಸರಿ, ಆದರೆ ಮೊದಲ ಹೆಜ್ಜೆಯನ್ನು ಯಾರೂ ಹೇಳುತ್ತಿಲ್ಲವಲ್ಲ. ಒತ್ತಡಕ್ಕೂ ಅಂಕಕ್ಕೂ ಒಟ್ಟು ಸಂಬಂಧವೇ ಇಲ್ಲದಿದ್ದರೆ ನಡುವೆ ಏನನ್ನು ತೂರಿಸುತ್ತೀರಿ? ನಮಗೆ ಹೀಗೇ ಕಲಿಸಿದ್ದು.

ಹಳೇ_ಲೆಕ್ಕಿಗ
ನನಗೂ ಹಾಗೇ ಕಲಿಸಿದ್ದರು. ಆದರೆ ಒಂದು ಸಂಖ್ಯೆ ಬದಲಾಯಿಸಿ ನೋಡಿ. ಒತ್ತಡ ಕೆಲವರನ್ನು ಕೂತು ಓದುವಂತೆಯೂ ಮಾಡುತ್ತದೆ. ಆ ನೇರ ದಾರಿ +0.32 ಅನ್ನಿ. ನಿದ್ದೆಯ ದಾರಿ −0.32. ಒಟ್ಟು ಸೊನ್ನೆ. ನಿಮ್ಮ ಮೊದಲ ಹೆಜ್ಜೆ "ಇಲ್ಲಿ ಏನೂ ಇಲ್ಲ, ಮನೆಗೆ ಹೋಗಿ" ಅನ್ನುತ್ತದೆ. ಒಳಗೆ ಎರಡು ದಾರಿಗಳು ಜಗ್ಗಾಡುತ್ತಿವೆ. ಈಗ ಹೆಚ್ಚಿನವರು ಆ ಮೊದಲ ಷರತ್ತನ್ನು ಕೈಬಿಟ್ಟಿದ್ದಾರೆ.

"ಪೂರ್ಣ" ಅನ್ನುವ ಮಾತೂ ನನಗೆ ಇಷ್ಟವಿಲ್ಲ. ಮೇಲಿನ ಉದಾಹರಣೆಯ ನೇರ ದಾರಿ −0.30. 40 ಜನರನ್ನು ಹಿಡಿದರೆ ಅದು ಸಿಗ್ನಿಫಿಕಂಟ್ ಬರದೇ ಹೋಗಬಹುದು, "ಪೂರ್ಣ ಮೀಡಿಯೇಷನ್" ಎಂದು ಬರೆದುಬಿಡುತ್ತೀರಿ. 1,000 ಜನರನ್ನು ಹಿಡಿದರೆ ಸಿಗ್ನಿಫಿಕಂಟ್ ಬರುತ್ತದೆ, "ಭಾಗಶಃ" ಆಗುತ್ತದೆ. ಜನ ಕಡಿಮೆಯಾದಷ್ಟೂ ಸಿದ್ಧಾಂತ ಪೂರ್ಣವಾಗುತ್ತದೆ ಅಂದರೆ ಏನರ್ಥ?

ನಾಲ್ಕು_ಹೆಜ್ಜೆ
ಪೂರ್ಣದ ಮಾತು ಒಪ್ಪಿದೆ. ಮೊದಲ ಹೆಜ್ಜೆ ಇನ್ನೂ ಒಪ್ಪಿಲ್ಲ. ಒಟ್ಟು ಸೊನ್ನೆ ಬಂದಾಗಲೆಲ್ಲ ಹುಡುಕುತ್ತಾ ಹೋದರೆ ಯಾವುದೋ ಒಂದು ಕೊಂಡಿ ಸಿಕ್ಕೇ ಸಿಗುತ್ತದೆ.

ಹಳೇ_ಲೆಕ್ಕಿಗ
ಆ ಭಯ ನ್ಯಾಯವಾದದ್ದೇ. ಕೊಂಡಿ ಯಾವುದು ಅಂತ ಡೇಟಾ ನೋಡುವ ಮೊದಲೇ ಬರೆದಿಟ್ಟಿರಬೇಕು.

ಬಾಣ_ತಿರುಗಿಸು
ನೀವೆಲ್ಲ ಬಾಣ ಎಡದಿಂದ ಬಲಕ್ಕೆ ಇದೆ ಅಂತ ಒಪ್ಪಿಕೊಂಡೇ ಮಾತಾಡುತ್ತಿದ್ದೀರಿ. ನಾನು ಒಪ್ಪುವುದಿಲ್ಲ. ಕೋಡ್‌ನವರ ಅದೇ ಆಟದ ಲೋಕದಲ್ಲಿ ನಿದ್ದೆ ಮತ್ತು ಒತ್ತಡದ ಜಾಗ ಅದಲುಬದಲು ಮಾಡಿ: ನಿದ್ದೆ ಕೆಟ್ಟಿತು, ಅದರಿಂದ ಒತ್ತಡ ಏರಿತು, ಅದರಿಂದ ಅಂಕ ಇಳಿಯಿತು. ಅಲ್ಲಿ ಒತ್ತಡದ ಹರಡಿಕೆ 6, ನಿದ್ದೆಯದು ಸುಮಾರು 1. ಹಾಗಾಗಿ ಉಲ್ಟಾ ರಿಗ್ರೆಷನ್‌ನಲ್ಲಿ ನಿದ್ದೆ ಒಂದು ಗಂಟೆ ಜಾಸ್ತಿಯಾದರೆ ಒತ್ತಡ ಸುಮಾರು 2.9 ಇಳಿಯುತ್ತದೆ. ಒತ್ತಡ ಒಂದಕ್ಕೆ 0.30 ಅಂಕ. ಗುಣಿಸಿದರೆ ಸುಮಾರು 0.86 ಅಂಕ "ಒತ್ತಡದ ಮೂಲಕ" ಬಂತು. ಇದೂ ಮೀಡಿಯೇಷನ್ನೇ, ಇದಕ್ಕೂ ಸಿಗ್ನಿಫಿಕಂಟ್ ಎನ್ನುವ ನಕ್ಷತ್ರ ಬೀಳಬಹುದು. ಡೇಟಾ ಮಾಡಿದ್ದು ಮಾತ್ರ ಒತ್ತಡದಿಂದ ನಿದ್ದೆಗೆ.

ಅಂದರೆ ನಿಮ್ಮ ಬೂಟ್‌ಸ್ಟ್ರಾಪ್ 5000 ಸಲ ಅಲ್ಲ, 50 ಲಕ್ಷ ಸಲ ಓಡಿದರೂ ಬಾಣ ಯಾವ ಕಡೆಗೆ ಅಂತ ಹೇಳುವುದಿಲ್ಲ.

ಇನ್ನೊಂದಿದೆ. ಕೊನೇ ವಾರಕ್ಕೆ ಪುಸ್ತಕ ತೆಗೆಯುವವನನ್ನು ನೋಡಿ. ರಾತ್ರಿ ಓದುತ್ತಾನೆ, ಹಾಗಾಗಿ ನಿದ್ದೆ ಕಡಿಮೆ. ತಡವಾಗಿ ಶುರು ಮಾಡಿದ್ದಾನೆ, ಹಾಗಾಗಿ ಅಂಕ ಕಡಿಮೆ. ನಿದ್ದೆ ಅಂಕವನ್ನು ಮುಟ್ಟದೇ ಇದ್ದರೂ ಗಂಟೆಗೆ 4 ಅಂಕ ಅಂತ ಕಾಣಬಹುದು. ಒತ್ತಡವನ್ನು ಪ್ರಯೋಗ ಮಾಡಿ ಚೀಟಿ ಎತ್ತಿ ಹಂಚಿದರೂ ಈ ತೊಂದರೆ ಹೋಗುವುದಿಲ್ಲ. ನಿದ್ದೆಯನ್ನು ಯಾರೂ ಚೀಟಿ ಎತ್ತಿ ಹಂಚಿಲ್ಲವಲ್ಲ.

ರಾತ್ರಿ_ಗೂಬೆ
ಕೊನೇ ವಾರಕ್ಕೆ ಪುಸ್ತಕ ತೆಗೆಯುವವನು ಹಾಜರು. ನನ್ನ ಅಂಕಕ್ಕೆ ನಿದ್ದೆಯ ಮೇಲೆ ತಪ್ಪು ಹೊರಿಸಿ ಹೊರಿಸಿ ಸಾಕಾಗಿತ್ತು. ನಿಜವಾದ ಕಳ್ಳ ಸಿಕ್ಕಿಬಿದ್ದ.

ಅರ್ಧ_ಥೀಸಿಸ್
ಓದುವುದು ಯಾವಾಗ ಶುರು ಮಾಡಿದಿರಿ ಅಂತ ನಾನು ಕೇಳಿಯೇ ಇಲ್ಲ 😟 ಹಾಗಾದರೆ ಏನು ಬರೆಯಲಿ?

ಹಳೇ_ಲೆಕ್ಕಿಗ
ಬಾಣದವರು ಹೇಳಿದ್ದು ನಿಜ, ನಾನು ಅದನ್ನು ಮೊದಲೇ ಹೇಳಬೇಕಿತ್ತು. ಒಂದು ಕೇಳುತ್ತೇನೆ. ಫಾರ್ಮ್‌ನಲ್ಲಿ ನಿದ್ದೆಯ ಪ್ರಶ್ನೆ ಅಕ್ಷರಶಃ ಹೇಗಿತ್ತು? ಫಾರ್ಮ್ ತುಂಬಿಸಿದ್ದು ಯಾವಾಗ?

ಅರ್ಧ_ಥೀಸಿಸ್
"ನೀವು ಸಾಮಾನ್ಯವಾಗಿ ದಿನಕ್ಕೆ ಎಷ್ಟು ಗಂಟೆ ಮಲಗುತ್ತೀರಿ?" ಪಿಎಸ್‌ಎಸ್ "ಕಳೆದ ಒಂದು ತಿಂಗಳಲ್ಲಿ" ಅಂತ ಕೇಳುತ್ತದೆ. ಎರಡೂ ಒಂದೇ ಹಾಳೆ, ಪರೀಕ್ಷೆಗೆ ಹತ್ತು ದಿನ ಮೊದಲು. ಅಂಕ ಆಮೇಲೆ ಬಂತು.

ಹಳೇ_ಲೆಕ್ಕಿಗ
ಇಲ್ಲೇ ಇದೆ ನೋಡಿ ನಿಮ್ಮ ಗೈಡ್ ಮತ್ತು ಸಹಪಾಠಿಯ ಜಗಳ. "ಸಾಮಾನ್ಯವಾಗಿ" ಅಂದರೆ ಅಭ್ಯಾಸ. ಈ ತಿಂಗಳ ಒತ್ತಡ ಶುರುವಾಗುವ ಮೊದಲೇ ಇದ್ದದ್ದು. ಮೊದಲೇ ಇದ್ದದ್ದು ಈಗಿನ ಒತ್ತಡದ ಫಲ ಆಗಲಾರದು, ಆದರೆ ಒತ್ತಡದ ಪೆಟ್ಟನ್ನು ತಡೆಯಬಲ್ಲದು. ಹಾಗಾಗಿ ನಿಮ್ಮ ಪ್ರಶ್ನೆಯ ಪದ ಸಹಪಾಠಿಯ ಕಡೆಗಿದೆ. ಗೈಡ್ ಹೇಳಿದ್ದಕ್ಕೆ ಬೇಕಾದದ್ದು ಬೇರೆ ನಿದ್ದೆ: ಒತ್ತಡ ಅಳೆದ *ಮೇಲೆ*, ಪರೀಕ್ಷೆಗೆ *ಮೊದಲು* ಬರುವ ಆ ಹತ್ತು ರಾತ್ರಿಗಳದ್ದು. ಬೆಳಗ್ಗೆ ಎದ್ದ ಕೂಡಲೇ ಮಲಗಿದ್ದು ಎಷ್ಟಕ್ಕೆ, ಎದ್ದದ್ದು ಎಷ್ಟಕ್ಕೆ ಅಂತ ಬರೆಸುವ ಡೈರಿ ಸಾಕಿತ್ತು.

ಒಂದೇ ಅಧ್ಯಯನದಲ್ಲಿ ಎರಡನ್ನೂ ಅಳೆಯಬಹುದು. ಅಭ್ಯಾಸದ ನಿದ್ದೆ ಮಾಡರೇಟರ್, ಹತ್ತು ರಾತ್ರಿಗಳ ನಿದ್ದೆ ಮೀಡಿಯೇಟರ್. ಹೆಸರು ಒಂದೇ ಅಂದ ಮಾತ್ರಕ್ಕೆ ಅವು ಒಂದೇ ಅಲ್ಲ.

0.09ರ ಬಗ್ಗೆ: ಅದನ್ನು "ಮಾಡರೇಷನ್ ಇಲ್ಲ" ಎಂದು ಓದಬೇಡಿ. ಇಂಟರಾಕ್ಷನ್ ಹಿಡಿಯಲು ಜನ ಜಾಸ್ತಿ ಬೇಕು. ಎರಡು ಅಳತೆಗಳನ್ನು ಗುಣಿಸಿದಾಗ ಎರಡರ ತಪ್ಪುಗಳೂ ಸೇರುತ್ತವೆ. ಒತ್ತಡದ ಅಳತೆಯ ವಿಶ್ವಾಸಾರ್ಹತೆ 0.8, ನೆನಪಿನಿಂದ ಹೇಳಿದ ನಿದ್ದೆಯದು 0.7 ಎಂದುಕೊಳ್ಳಿ. ಎರಡಕ್ಕೂ ಪರಸ್ಪರ ಸಂಬಂಧ ಇಲ್ಲದಿದ್ದರೆ, ಸರಾಸರಿ ಕಳೆದು ಗುಣಿಸಿದ ಪದದ್ದು 0.56ಕ್ಕೆ ಇಳಿಯುತ್ತದೆ. ಇಳಿಜಾರಿನ ವ್ಯತ್ಯಾಸ ಎಷ್ಟು, ಅದು ಎಲ್ಲಿಂದ ಎಲ್ಲಿಯವರೆಗೆ ಇರಬಹುದು, ಎರಡನ್ನೂ ಬರೆದು, "140 ಜನರಿಂದ ಇಷ್ಟೇ ಹೇಳಬಹುದು" ಎಂದು ಬಿಡಿ.

ಬಾಣ_ತಿರುಗಿಸು
"ಸಾಮಾನ್ಯವಾಗಿ" ಅಂತ ಕೇಳಿದರೆ ಜನ ಅಭ್ಯಾಸ ಹೇಳುತ್ತಾರೆ ಅಂತ ನಿಮಗೆ ಯಾರು ಹೇಳಿದರು? ಪರೀಕ್ಷೆಗೆ ಹತ್ತು ದಿನ ಇರುವಾಗ ಹೋದ ವಾರದ ನಿದ್ದೆಯನ್ನೇ ಬರೆಯುತ್ತಾರೆ.

ಹಳೇ_ಲೆಕ್ಕಿಗ
ಅದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ತುಂಬಿದವರನ್ನೇ ಕೇಳಬೇಕು.

ಕ್ಲಾಸ್_ಮೇಡಂ
ಥೀಸಿಸ್ ಅವರೇ, ಒಂದು ಸಣ್ಣದು. ಪಿಎಸ್‌ಎಸ್-10ರಲ್ಲಿ 4, 5, 7, 8ನೇ ಪ್ರಶ್ನೆಗಳನ್ನು ತಿರುಗಿಸಿ ಎಣಿಸಬೇಕು. "ಎಲ್ಲ ನನ್ನ ಹಿಡಿತದಲ್ಲಿದೆ ಅನ್ನಿಸಿತು" ಥರದವು. ತಿರುಗಿಸಿದ್ದೀರಿ ತಾನೆ?

ಅರ್ಧ_ಥೀಸಿಸ್
7 ಮತ್ತು 8 ತಿರುಗಿಸಿದ್ದೇನೆ. 4, 5…

ಶೀಟ್ ತೆರೆಯುತ್ತಿದ್ದೇನೆ. ಮೊದಲಿಂದ ಓಡಿಸಿ ಬರುತ್ತೇನೆ.